ಮಿಷನ್ ತರುವ ಮೊದಲು ಹಾಳೆ ಎಣಿಸಿ

ಸ್ತ್ರೀಶಕ್ತಿ ಗುಂಪಿನ ಸಭೆಗೆ ಹೋದಾಗ ಮೊದಲು ಕಂಡದ್ದು ಮೂಲೆಯಲ್ಲಿ ಗೋಣಿ ಹೊದ್ದು ಕೂತಿದ್ದ ಹೊಲಿಗೆ ಮಿಷನ್. ಗುಂಪಿಗೆಂದು ತಂದದ್ದಂತೆ. ಬೆಲ್ಟ್ ತುಂಡಾದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ನನಗೆ ಕೊಟ್ಟಿದ್ದ ವಿಷಯ ಅಡಿಕೆ ಹಾಳೆ ತಟ್ಟೆ. ಗುಂಪಿನ ಹತ್ತು ಮಂದಿ ಸೇರಿ ಸಾಲ ತೆಗೆದು ಒಂದು ಮಿಷನ್ ಕೊಳ್ಳುವ ಯೋಚನೆಯಲ್ಲಿದ್ದರು. ಹಾಳೆ ಒಣಗಿಸುವುದು, ನೀರಲ್ಲಿ ನೆನೆಸಿ ತೊಳೆದು ನೀರು ಬಸಿಯುವುದು, ಬಿಸಿ ಅಚ್ಚಿನಲ್ಲಿ ಒತ್ತುವುದು, ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಹಿಂದೆ ಕೂತಿದ್ದ ಅಜ್ಜಿ ಕೇಳಿದರು: "ಮಗಾ, ಮಿಷನ್ ಎಲ್ಲರದ್ದು, ಸರಿ. ಹಾಳಾದ್ರೆ ಯಾರದ್ದು?"

ಭಾಷಣ ಅಲ್ಲಿಗೇ ನಿಂತಿತು. ಬೋರ್ಡಿನ ಮೇಲೆ ಲೆಕ್ಕ ಬರೆದೆ. ಮಿಷನ್‌ಗೆ 60,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಐದು ವರ್ಷದಲ್ಲಿ ಆ ಹಣ ಹುಟ್ಟಬೇಕಾದರೆ ವರ್ಷಕ್ಕೆ 12,000. ಹೀಟರ್ ಕಾಯಿಲ್, ಅಂಚು ಕತ್ತರಿಸುವ ಬ್ಲೇಡು ಅಂತ ರಿಪೇರಿಗೆ 3,000. ಒಟ್ಟು 15,000. ವರ್ಷಕ್ಕೆ 30,000 ತಟ್ಟೆ ಒತ್ತಿದರೆ ಒಂದೊಂದರ ಮೇಲೆ 50 ಪೈಸೆ. ಯಾರು ಒತ್ತಿದರೂ ಅಂದಂದೇ ಪುಸ್ತಕದಲ್ಲಿ ಬರೆದು, ಆ 50 ಪೈಸೆಯನ್ನು ಬೇರೆ ಖಾತೆಗೆ ಹಾಕಬೇಕು. ಸಾಲದ ಅಸಲೂ ರಿಪೇರಿಯೂ ಆ ದುಡ್ಡಿನಿಂದಲೇ. ಬಡ್ಡಿ, ಕರೆಂಟು, ಕೂಲಿ ಬೇರೆ.

"ಅಷ್ಟು ಹಾಳೆ ಎಲ್ಲಿಂದ?" ಅಂದರು ಇನ್ನೊಬ್ಬ ಅಕ್ಕ. ನಾನು ಮರೆತಿದ್ದ ಪ್ರಶ್ನೆ. ಅಡಿಕೆ ಮರ ವರ್ಷಕ್ಕೆ ಸುಮಾರು ಐದಾರು ಹಾಳೆ ಬೀಳಿಸುತ್ತದೆ. ಮಳೆಗಾಲದಲ್ಲಿ ಬಿದ್ದದ್ದು ಒಣಗದೆ ಬೂಷ್ಟು ಹಿಡಿಯುತ್ತದೆ, ತಟ್ಟೆಗೆ ಆಗುವುದಿಲ್ಲ. ಹಾಗಾಗಿ ಮರಕ್ಕೆ ಮೂರು ಹಾಳೆ ಸಿಕ್ಕಿದರೆ ಹೆಚ್ಚು. ಎಕರೆಗೆ 550 ಮರ ಅಂದರೆ 1,650 ಹಾಳೆ. ಒಂದು ಹಾಳೆಗೆ ಒಂದು ದೊಡ್ಡ ತಟ್ಟೆಯಂತೆ 30,000 ತಟ್ಟೆಗೆ ಸುಮಾರು 18 ಎಕರೆ ತೋಟ ಬೇಕು.

ಎಲ್ಲರ ತೋಟ ಕೂಡಿಸಿದಾಗ ಆದದ್ದು ಆರೇ ಎಕರೆ. ಅಂದರೆ ಸುಮಾರು 10,000 ತಟ್ಟೆ. ಮಿಷನ್ ಪಾಲು 50 ಪೈಸೆಯಿಂದ ಒಂದೂವರೆ ರೂಪಾಯಿಗೆ ಏರಿತು. ಅಂಗಡಿಯವನು ಕೊಡುವ ಬೆಲೆಯಲ್ಲಿ ಅಷ್ಟನ್ನು ತೆಗೆದಿಟ್ಟರೆ ಕೈಗೆ ಉಳಿಯುವುದು ಕೂಲಿಗಿಂತ ಕಡಿಮೆ. ನೆರೆಯ ತೋಟದವರಿಂದ ಹಾಳೆ ಕೊಳ್ಳಬಹುದು, ಆಗ ಹಾಳೆಯ ದುಡ್ಡೂ ಲೆಕ್ಕಕ್ಕೆ ಬರುತ್ತದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವರ ಆಸೆಗೆ ನಾನೇ ಕಲ್ಲು ಹಾಕಿದೆನೋ ಅನ್ನಿಸಿತು. ಆಮೇಲೆ ಅವರೇ ತೀರ್ಮಾನಿಸಿದರು: ಸಾಲ ಈ ವರ್ಷ ಬೇಡ. ದೀಪಾವಳಿ ಕಳೆದ ಮೇಲೆ ಬೀಳುವ ಹಾಳೆಯನ್ನು ಪ್ರತಿ ಮನೆಯವರೂ ಒಣಗಿಸಿ, ಕಟ್ಟು ಕಟ್ಟಿ ಅಟ್ಟದಲ್ಲಿ ಇಡುವುದು. ಮಡಚಿದರೆ ಪಟ್ಟನೆ ಸದ್ದಾಗುವಷ್ಟು ಒಣಗಿದ್ದನ್ನು ಮಾತ್ರ ಎಣಿಸುವುದು. ಅಕ್ಕಪಕ್ಕದ ತೋಟದವರನ್ನೂ ಕೇಳುವುದು. ಏಪ್ರಿಲ್‌ನಲ್ಲಿ ಪುಸ್ತಕ ತೆರೆದು, ಎಣಿಕೆ ಸಾಕಾದರೆ ಮಿಷನ್.

ಹೊರಡುವಾಗ ಅಜ್ಜಿ ಹೊಲಿಗೆ ಮಿಷನ್ನಿನ ಗೋಣಿ ಸರಿಸುತ್ತಿದ್ದರು. "ಈ ಬೆಲ್ಟಿಗೆ ಎಷ್ಟು ಮಗಾ?" ಅಂದರು. ನನಗೆ ಗೊತ್ತಿರಲಿಲ್ಲ. ಪೇಟೆಯಲ್ಲಿ ಕೇಳಿ ಫೋನ್ ಮಾಡುತ್ತೇನೆಂದು ಹೇಳಿ ಬಂದೆ.