ಮಾತಿಲ್ಲದೆ ಬಂದ ನಕ್ಷೆ

ಕೊಟ್ಟೂರಿನಲ್ಲಿ ಕೂತು ಮನೆ ನಕ್ಷೆ ಬರೆಯುವ ನನಗೆ ಈ ಕಸುಬಿನಲ್ಲಿ ಅತಿ ಇಷ್ಟವಾದದ್ದು ಯಾವುದೆಂದರೆ, ವಾಟ್ಸ್ಆ್ಯಪಿಗೆ ಬರುವ ಕೈಬರಹದ ನಕ್ಷೆಗಳು. ನೋಟ್‌ಬುಕ್ಕಿನ ಗೆರೆ ಹಾಳೆ, ಬಾಲ್‌ಪೆನ್ನಿನ ಗೀಟು, ಫೋಟೋ ಓರೆಯಾಗಿ ತೆಗೆದದ್ದರಿಂದ ಒಂದು ಕಡೆ ಚೂಪಾದ ಚೌಕ. ಕೆಳಗೆ ಒಂದಕ್ಷರ ಇರುವುದಿಲ್ಲ. ನಮಸ್ಕಾರವೂ ಇಲ್ಲ, ಹೆಸರೂ ಇಲ್ಲ. ಕೂಡ್ಲಿಗಿ ಕಡೆಯಿಂದ, ಹಗರಿಬೊಮ್ಮನಹಳ್ಳಿಯಿಂದ, ಹಡಗಲಿಯಿಂದ ಹೀಗೆ ಬರುತ್ತಲೇ ಇರುತ್ತವೆ. ಬರೆದವರಿಗೆ ಚಿತ್ರವೇ ಎಲ್ಲ ಹೇಳುತ್ತದೆ ಎಂಬ ನಂಬಿಕೆ. ಬಹಳಷ್ಟನ್ನು ಅದು ಹೇಳುತ್ತದೆ ಕೂಡ. ಆದ್ದರಿಂದಲೇ ನಾನು ಕೂಡಲೇ ಫೋನ್ ಮಾಡುವುದಿಲ್ಲ. ಫೋಟೋ ದೊಡ್ಡದು ಮಾಡಿಕೊಂಡು, ಪಕ್ಕದಲ್ಲಿ ಬಿಳಿ ಹಾಳೆ ಇಟ್ಟುಕೊಂಡು, ಮೊದಲು ಅಂಕಿಗಳನ್ನು ಕೂಡಿಸುತ್ತೇನೆ.

ಹರಪನಹಳ್ಳಿ ಕಡೆಯ ಒಂದು ಹಳ್ಳಿಯಿಂದ ಬಂದ ಹಾಳೆಯನ್ನೇ ತೆಗೆದುಕೊಳ್ಳಿ. ಹೊರ ಅಳತೆ 27 ಅಡಿಗೆ 35. ಉದ್ದಕ್ಕೆ ಮೂರು ಖಾನೆ: 10, 11, 12. ಅಗಲಕ್ಕೆ ಎರಡು: ಮುಂದೆ 14, ಹಿಂದೆ ಹನ್ನೊಂದೂವರೆ. ಈ ಹನ್ನೊಂದೂವರೆ ಕಣ್ಣಿಗೆ ಬಿದ್ದ ಕೂಡಲೇ ನನ್ನ ಮನಸ್ಸು ಚುರುಕಾಯಿತು. ಸುಮ್ಮನೆ ಆಸೆಯಿಂದ ಮನೆ ಬರೆಯುವವರು ಅರ್ಧ ಅಡಿ ಬರೆಯುವುದಿಲ್ಲ. ಇರುವ ಮನೆಯನ್ನು ಟೇಪು ಹಿಡಿದು ಅಳೆದವರಾದರೆ 10 ಅಡಿ 4 ಇಂಚು, 11 ಅಡಿ 7 ಇಂಚು ಎಂದು ಎಲ್ಲ ಕಡೆಯೂ ಒಡಕಲು ಅಂಕಿ ಬರುತ್ತವೆ. ಹಳೇ ಗೋಡೆ ಯಾವುದೂ ನೇರ ಇರುವುದಿಲ್ಲವಲ್ಲ. ಇಲ್ಲಿ ಒಂದೇ ಒಂದು ಅರ್ಧ. ಕೂಡಿಸಿ ನೋಡಿದೆ. ಉದ್ದಕ್ಕೆ ಮೂರು ಖಾನೆ ಸೇರಿ 33, ಹೊರ ಅಳತೆಗೆ 2 ಅಡಿ ಕಡಿಮೆ. ಮೂರು ಖಾನೆಗೆ ನಾಲ್ಕು ಗೋಡೆ, ಅಂದರೆ ಗೋಡೆಗೆ 6 ಇಂಚು. ಅಗಲಕ್ಕೆ 25 ಅಡಿ 6 ಇಂಚು, ಉಳಿದದ್ದು ಒಂದೂವರೆ ಅಡಿ, ಗೋಡೆ ಮೂರು. ಮತ್ತೆ 6 ಇಂಚೇ. ಎರಡೂ ಕಡೆ ಲೆಕ್ಕ ತಪ್ಪದೆ ಕೂಡಿತು. ಆರಿಂಚು ಸಿಮೆಂಟ್ ಬ್ಲಾಕಿನ ಗೋಡೆ, ಪಿಲ್ಲರ್ ಮನೆ. ಬರೆದವರ ಪಕ್ಕದಲ್ಲಿ ಒಬ್ಬ ಮೇಸ್ತ್ರಿ ಕೂತಿದ್ದಾರೆ.

ಹಾಗಾದರೆ 27 ಮತ್ತು 35 ಕೂಡ ಸುಮ್ಮನೆ ಬಂದವಲ್ಲ. ಗುಣಿಸಿದರೆ 945. ಎಂಟರಿಂದ ಭಾಗಿಸಿದರೆ 118 ಸಲ ಹೋಗಿ 1 ಉಳಿಯುತ್ತದೆ. ಒಂದು ಉಳಿದರೆ ಧ್ವಜಾಯ, ಮೂರು ಉಳಿದರೆ ಸಿಂಹ, ಐದಾದರೆ ವೃಷಭ, ಏಳಾದರೆ ಗಜ. ನಮ್ಮ ಕಡೆ ಹಿರಿಯರು ಒಪ್ಪುವುದು ಈ ಬೆಸ ಆಯಗಳನ್ನೇ. ಸೈಟಿನ ಮಾಮೂಲಿ 30ಕ್ಕೆ 40 ತೆಗೆದುಕೊಂಡರೆ 1200, ಶೇಷ ಸೊನ್ನೆ, ಕಾಕಾಯ. ಆಯ ನೋಡುವವರು ಅದನ್ನು ಮನೆಯ ಅಳತೆಗೆ ಇಟ್ಟುಕೊಳ್ಳುವುದಿಲ್ಲ. ಅಂದರೆ ಈ ಮನೆಯವರು ಆಯ ತೆಗೆಸಿಯೇ ಹಾಳೆ ಹಿಡಿದಿದ್ದಾರೆ. ಆಯ ನಿಜವೋ ಅಲ್ಲವೋ ಎಂಬ ಚರ್ಚೆ ನನ್ನದಲ್ಲ. ಹೊರ ಅಳತೆಯನ್ನು ನಾನು ಮುಟ್ಟುವಂತಿಲ್ಲ, ಅಷ್ಟು ನನಗೆ ಗೊತ್ತಾದರೆ ಸಾಕು. ನಾಳೆ ಇವರು ಒಂಬತ್ತಿಂಚು ಇಟ್ಟಿಗೆ ಗೋಡೆ ಬೇಕೆಂದರೆ, ಉದ್ದಕ್ಕೆ ಹೆಚ್ಚುವರಿ ಒಂದಡಿ, ಅಗಲಕ್ಕೆ ಮುಕ್ಕಾಲು ಅಡಿ ಕೋಣೆಗಳ ಹೊಟ್ಟೆಯಿಂದಲೇ ಹೋಗಬೇಕು.

ದಿಕ್ಕು ಬರೆದಿರಲಿಲ್ಲ. ಬಾಗಿಲು ಹಾಳೆಯ ಕೆಳಗೆ. ಜನ ರಸ್ತೆಯಲ್ಲಿ ನಿಂತಂತೆ ಭಾವಿಸಿಕೊಂಡೇ ಮನೆ ಬರೆಯುತ್ತಾರೆ. ಅಡುಗೆಮನೆ ಮೇಲೆ ಎಡಕ್ಕೆ, ದೊಡ್ಡ ಕೋಣೆ ಮೇಲೆ ಬಲಕ್ಕೆ. ಅಡುಗೆ ಆಗ್ನೇಯದಲ್ಲಿ, ಯಜಮಾನರ ಕೋಣೆ ನೈಋತ್ಯದಲ್ಲಿ ಎಂದು ಹಿಡಿದರೆ ಮನೆ ಉತ್ತರಕ್ಕೆ ಮುಖ. ಎರಡರ ನಡುವೆ, ಹಿಂದಿನ ಸಾಲಿನಲ್ಲಿ, 11ಕ್ಕೆ ಹನ್ನೊಂದೂವರೆಯ ಒಂದು ಖಾನೆ. ಹೆಸರಿಲ್ಲ. ಒಳಗಿಂದ ಬಾಗಿಲಿಲ್ಲ, ಹಿತ್ತಲಿಗೆ ಮಾತ್ರ ಒಂದು ಗೀಟು. ಬಚ್ಚಲು ಇರಬಹುದು. ಮೆಟ್ಟಿಲೂ ಇರಬಹುದು. ಹತ್ತಡಿ ಎತ್ತರಕ್ಕೆ ಆರಿಂಚಿನ ಇಪ್ಪತ್ತು ಮೆಟ್ಟಿಲು ಬೇಕು. ಹತ್ತು ಹತ್ತು ಮಾಡಿ ನಡುವೆ ತಿರುಗಿಸಿದರೆ ಸುಮಾರು ಆರೂವರೆ ಅಡಿ ಅಗಲ, ಹತ್ತೂವರೆ ಅಡಿ ಉದ್ದದ ಜಾಗ ತಿನ್ನುತ್ತದೆ. ಈ ಖಾನೆಯಲ್ಲಿ ಅದು ಸಲೀಸಾಗಿ ಕೂರುತ್ತದೆ. ಕೈಬರಹದ ನಕ್ಷೆಗಳಲ್ಲಿ ಹೆಚ್ಚಾಗಿ ಮರೆತುಹೋಗುವುದು ಮೆಟ್ಟಿಲೇ. ನೆನಪಾದರೂ ಮೂಲೆಯಲ್ಲಿ ನಾಲ್ಕು ಗೀಟು ಎಳೆದು ಬಿಟ್ಟಿರುತ್ತಾರೆ.

ಹಾಳೆ ಇಷ್ಟು ಹೇಳಿತು. ಇನ್ನು ಕೇಳಬೇಕಾದದ್ದು ಏನು? ‘ಈ ಖಾನೆ ಏನು’ ಎಂದು ಕೇಳಿದರೆ ‘ಏನಾರ ಮಾಡ್ರಿ’ ಎನ್ನುತ್ತಾರೆ. ‘ಎಷ್ಟು ಬೆಡ್‌ರೂಮ್ ಬೇಕು’ ಎಂದರೆ ಪಕ್ಕದ ಮನೆಯಲ್ಲಿ ಎಷ್ಟಿದೆಯೋ ಅಷ್ಟು ಹೇಳುತ್ತಾರೆ. ಕೋಣೆಯ ಹೆಸರು ಕೇಳಿದರೆ ಹೆಸರೇ ಸಿಗುತ್ತದೆ. ನಾನು ಅಲ್ಲಿ ನಡೆಯುವ ಕೆಲಸ ಕೇಳುತ್ತೇನೆ. ಹಡಗಲಿಯ ಮಲ್ಲಿಗೆ ಬೆಳೆಯುವವರಾದರೆ ಹೂ ಎಲ್ಲಿ ಹರವುತ್ತೀರಿ ಎಂದು; ಕೊಟ್ಟೂರಿನವರಾದರೆ ಗುರುಬಸವೇಶ್ವರರ ತೇರಿಗೆ ಬಂದ ನೆಂಟರು ಎಲ್ಲಿ ಮಲಗುತ್ತಾರೆ ಎಂದು. ಕೇಳುವುದೂ ಫೋನಿನಲ್ಲೇ, ಒಂದಾದ ಮೇಲೊಂದು. ಪ್ರಶ್ನೆಗಳನ್ನೆಲ್ಲ ಪಟ್ಟಿ ಮಾಡಿ ಕಳಿಸಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಬರುತ್ತದೆ. ಹರಪನಹಳ್ಳಿ ಕಡೆಯ ಈ ಮನೆಯವರಿಗೂ ಹಾಗೇ ಫೋನ್ ಮಾಡಿದೆ.

“ಅಣ್ಣಾರ, ಬೆಳಿಗ್ಗೆ ಬಾಗಿಲಲ್ಲಿ ರಸ್ತೆ ಕಡೆ ಮುಖ ಮಾಡಿ ನಿಂತರೆ ಬಿಸಿಲು ಯಾವ ಕೈ ಮೇಲೆ ಬೀಳುತ್ತೆ?”

“ಬಲಗೈ ಮ್ಯಾಲ್ರಿ.”

ಉತ್ತರ ಬಾಗಿಲು ಗಟ್ಟಿಯಾಯಿತು. “ಹಿಂದಿನ ನಡುಕೋಣೆಗೆ ಬೆಳಿಗ್ಗೆ ಮೊದಲು ಯಾರು ಹೋಗ್ತಾರೆ?”

ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಬೆಳಿಗ್ಗೆ ಯಾರೂ ಹೋಗಲ್ರಿ. ಮೆಕ್ಕೆಜ್ವಾಳದ ಚೀಲ ಇಡಾಕ ಅದು. ರೇಟ್ ಬರೋಮಟ ಕಾಯಬೇಕಲ್ರಿ.”

ಈ ಒಂದು ಮಾತಿಗೆ ಇಡೀ ನಕ್ಷೆ ಅಲುಗಾಡಿತು. ಬೆನ್ನ ಮೇಲೆ ಚೀಲ ಹೊತ್ತವನು ಒಳಬರಲು ಮೂರು ಅಡಿ ಬಾಗಿಲು ಇಕ್ಕಟ್ಟು, ಮೂರೂವರೆಯಾದರೂ ಬೇಕು. ನೆಲ ಹಿತ್ತಿಲಿಗಿಂತ ಎತ್ತರ ಇರಬೇಕು, ಇಲ್ಲದಿದ್ದರೆ ತಳದ ಸಾಲಿನ ಚೀಲ ತೇವ ಹಿಡಿದು ಬೂಷ್ಟು ಬರುತ್ತದೆ. ಗಾಳಿ ಆಡಲು ಸೂರಿನ ಹತ್ತಿರ ಎರಡು ಬೆಳಕಿಂಡಿ, ಅವಕ್ಕೆ ಇಲಿ ನುಸುಳದ ಜಾಲರಿ. ಎಲ್ಲಕ್ಕಿಂತ ಮುಖ್ಯ, ಟ್ರ್ಯಾಕ್ಟರ್ ಆ ಬಾಗಿಲವರೆಗೆ ಬರಬೇಕು. ಆಗ ನನಗೆ ಹಾಳೆಯ ದೊಡ್ಡ ಕೊರತೆ ಕಂಡಿತು: ಮನೆ ಬರೆದಿದ್ದರು, ಜಾಗ ಬರೆದಿರಲಿಲ್ಲ. ಕೇಳಿದರೆ ಹಿಂದೆ ಹನ್ನೆರಡು ಅಡಿ ಇದೆಯಂತೆ, ಪಕ್ಕದಲ್ಲಿ ಪಡುವಣಕ್ಕೆ ಹತ್ತು. ಟ್ರ್ಯಾಲಿ ತಿರುಗಲು ಅದು ಸಾಲದು. ಪಕ್ಕದಿಂದಲೇ ಹಿಮ್ಮುಖವಾಗಿ ತಂದು ಮೂಲೆಗೆ ನಿಲ್ಲಿಸಬೇಕು. ಹಾಗಾಗಿ ಚೀಲದ ಕೋಣೆಯೇ ಪಡುವಣ ಮೂಲೆಗೆ ಹೋಗುವುದು ವಾಸಿ ಎಂದೆ. ನೈಋತ್ಯದಲ್ಲಿ ಭಾರ ಇದ್ದರೆ ಒಳ್ಳೆಯದೇ ಎಂದು ಅವರ ಅವ್ವ ಹಿಂದಿನಿಂದ ಹೇಳಿದ್ದು ಕೇಳಿಸಿತು. ಯಜಮಾನರ ಕೋಣೆ ನಡುವಿಗೆ ಬಂತು.

ಉಳಿದದ್ದು ಮೆಟ್ಟಿಲು. “ಮಾಳಿಗೆ ಮೇಲೆ ಏನು ಮಾಡ್ತೀರಿ?” ಎಂದೆ. ಮೆಣಸಿನಕಾಯಿ ಒಣಗಿಸುತ್ತೇವೆ, ಬೇಸಿಗೆಯಲ್ಲಿ ಮಲಗುತ್ತೇವೆ ಎಂದರು. ಅಷ್ಟಕ್ಕೇ ಆಗಿದ್ದರೆ ಹಿತ್ತಿಲಲ್ಲಿ ಒಂದು ಕಬ್ಬಿಣದ ಮೆಟ್ಟಿಲು ಸಾಕಿತ್ತು. ನಾನು ಸುಮ್ಮನಿದ್ದೆ. ಆಮೇಲೆ ಅವರೇ ಹೇಳಿದರು: “ತಮ್ಮ ಬೆಂಗಳೂರಾಗ ಅದಾನ್ರಿ. ಮುಂದ ಬಂದ್ರ ಮ್ಯಾಲ ಅವಂದೂ ಒಂದು ಆಗಬೇಕ್ರಿ.”

ಇದೇ ಅವರ ಮನಸ್ಸಿನಲ್ಲಿದ್ದ ಮನೆ. ತಮ್ಮನ ಸಂಸಾರ ಅಣ್ಣನ ಪಡಸಾಲೆ ದಾಟದೆ ಹತ್ತಬೇಕೆಂದರೆ ಮೆಟ್ಟಿಲು ಮುಂಬಾಗಿಲ ಹೊರಗೆ, ಮೂಡಲ ಪಕ್ಕಕ್ಕೆ ಬರಬೇಕು. ಮೇಲೊಂದು ಮನೆ ಬರುವುದಾದರೆ ಪಿಲ್ಲರಿನ ದಪ್ಪ, ಕಬ್ಬಿಣ, ಪಾಯ ಎಲ್ಲ ಈಗಲೇ ಆ ಭಾರಕ್ಕೆ ಲೆಕ್ಕ ಹಾಕಿಸಬೇಕು. ಹತ್ತು ವರ್ಷದ ಮೇಲೆ ಹಾಕಿಸಿದರೆ ಬರುವುದಿಲ್ಲ. ಅದಕ್ಕೇ ನನ್ನ ಕೊನೆಯ ಪ್ರಶ್ನೆ: “ಜಾಗ ಎರೆನೋ, ಮಸಾರಿನೋ?”

“ಮ್ಯಾಲ ಮಸಾರಿ ಹೊಡಿಸೀವ್ರಿ. ಕೆಳಗ ಎರಿನೇ.”

ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನಿಂತ ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳು ಏಳುತ್ತದೆ. ನಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದೆ. ಮೊದಲು ಎರಡು ಮೂಲೆಯಲ್ಲಿ ಗುಂಡಿ ತೆಗೆಸಿ, ಗರಸು ಎಷ್ಟು ಆಳಕ್ಕೆ ಸಿಗುತ್ತದೆಂದು ಟೇಪು ಇಳಿಬಿಟ್ಟು ಫೋಟೋ ಕಳಿಸಿ ಎಂದೆ.