ಹಿಂದಕ್ಕೆ ಓಡದ ಮೀಟರ್

ಗೃಹಜ್ಯೋತಿ ಬಂದಮೇಲೆ ನಮ್ಮ ಮನೆಗೆ ಬರುತ್ತಿದ್ದುದು ಶೂನ್ಯ ಬಿಲ್. ಆ ತಿಂಗಳು ಮಾತ್ರ ನಾಲ್ಕು ಸಾವಿರ ದಾಟಿತ್ತು. 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ‘ಎರಡು ಬಲ್ಬು, ಒಂದು ಟಿವಿಗೆ ಇಷ್ಟೊಂದಾ ಮಗಾ?’ ಎಂದು ಅಮ್ಮ ಫೋನಿನಲ್ಲೇ ಅತ್ತಳು.

ಮರುದಿನ ಊರಿಗೆ ಹೋಗಿ ಬಿಲ್ ನೋಡಿದೆ. ಹಿಂದಿನ ರೀಡಿಂಗ್ 4316, ಈಗಿನದು 4934, ಬಳಕೆ 618 ಯೂನಿಟ್. ಆದರೆ ಗೋಡೆಯ ಮೀಟರ್ ತೋರಿಸುತ್ತಿದ್ದುದು 4397! 4394 ಎಂದು ಬರೆಯಬೇಕಾದಲ್ಲಿ 3 ಮತ್ತು 9 ಅದಲುಬದಲಾಗಿದ್ದವು. ನಿಜವಾದ ಬಳಕೆ 78 ಯೂನಿಟ್.

ಕಚೇರಿಯಲ್ಲಿ ‘ಈಗ ಕಟ್ಟಿ, ಮುಂದಿನ ತಿಂಗಳು ಸರಿಹೋಗುತ್ತೆ’ ಎಂದರು. ನಾನು ಅಲ್ಲೇ ಕೂತು ಸಹಾಯಕ ಎಂಜಿನಿಯರಿಗೆ ಪತ್ರ ಬರೆದೆ. ಆರ್‌ಆರ್ ನಂಬರ್, ಮೂರೂ ರೀಡಿಂಗ್‌ಗಳನ್ನು ದಿನಾಂಕದ ಸಮೇತ ಬರೆದು, ಮೀಟರಿನ ಕ್ರಮಸಂಖ್ಯೆ ಕಾಣುವ ಫೋಟೋ ಲಗತ್ತಿಸಿದೆ. ‘ನಿನ್ನೆ 4934 ಇದ್ದ ಮೀಟರ್ ಇಂದು 4397ಕ್ಕೆ ಇಳಿಯಲಾರದು. ದಯವಿಟ್ಟು ಸ್ಥಳ ಪರಿಶೀಲಿಸಿ ಪರಿಷ್ಕೃತ ಬಿಲ್ ಕೊಡಿ. ಅಲ್ಲಿಯವರೆಗೆ ಸಂಪರ್ಕ ಕಡಿತಗೊಳಿಸಬೇಡಿ.’ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡೆ.

ನಾಲ್ಕನೇ ದಿನ ಲೈನ್‌ಮನ್ ಬಂದು ರೀಡಿಂಗ್ ಬರೆದುಕೊಂಡರು. ಬಿಲ್ ಮತ್ತೆ ಶೂನ್ಯವಾಯಿತು. ಈಗ ಬಿಲ್ ಬಂದ ದಿನವೇ ಅಮ್ಮ ಮೊದಲು ಮೀಟರ್ ನೋಡುತ್ತಾಳೆ.