ಡಬ್ಬಿ ಹಿಂದಿನ ಸಣ್ಣಕ್ಷರಾ

ಹೋದ ತಿಂಗಳ ನಮ್ಮ ಸಣ್ಣಾಂವಗ ದವಡಿ ಹಲ್ಲು ನೋಯ್ತದಂತ ಡಾಕ್ಟರ್ ಹತ್ರ ಕರಕೊಂಡು ಹೋಗಿದ್ದೆ. "ಹುಳುಕು ಬಿದ್ದದ, ಚಾಕಲೇಟ್ ಭಾಳ ತಿಂತಾನೇನ್ರಿ?" ಅಂದ್ರು. ಇಲ್ಲಾ ಅಂದೆ. "ರಾತ್ರಿ ಮಲಗೂ ಮುಂದ ಏನು ಕುಡೀತಾನ?" ಅಂದ್ರು. "ಹಾಲು, ಅದೂ ಶಕ್ತಿ ಬರ್ಲಿ ಅಂತ ಪುಡಿ ಹಾಕಿ" ಅಂತ ನಾನ ಹೆಮ್ಮಿಲೆ ಹೇಳಿದೆ. "ಮನಿಗೆ ಹೋಗಿ ಆ ಡಬ್ಬಿ ಹಿಂದ ಓದ್ರಿ" ಅಂದ್ರು.

ಮನಿಯೊಳಗ ಎರಡು ನಮೂನಿ ಪುಡಿ ಇದ್ದುವು. ಹಳೇ ಮಾಲ್ಟಿನ ಡಬ್ಬಿ ಮ್ಯಾಲೆ ಒಂದು ಸಲದ ಅಳತಿಗೆ ಸಕ್ಕರಿ 10 ಗ್ರಾಂ ಅಂತಿತ್ತು, ಹೊಸಾ ಚಾಕಲೇಟ್ ಪುಡಿ ಮ್ಯಾಲೆ 9 ಗ್ರಾಂ. ಹೊಸಾದ್ರಾಗ ಕಡಿಮಿ ಅಂತ ನನಗ ಸಮಾಧಾನ ಆತು. ಆಮ್ಯಾಲೆ ನೋಡಿದ್ರ, ಹಳೇದರ ಅಳತಿ 27 ಗ್ರಾಂ, ಹೊಸಾದು ಬರೇ 20 ಗ್ರಾಂ! ಅಳತೀನ ಬ್ಯಾರೆ ಇದ್ದಾಗ ಹೋಲಿಸೋದು ಹ್ಯಾಂಗ? ಅದಕ್ಕ ಪಕ್ಕದ '100 ಗ್ರಾಂಗೆ' ಅನ್ನೋ ಸಾಲು ನೋಡಬೇಕು. ಅಲ್ಲಿ ಹಳೇದು 37, ಹೊಸಾದು 46. ಅಂದ್ರ ಹೊಸಾ ಪುಡಿಯೊಳಗ ಹತ್ರ ಹತ್ರ ಅರ್ಧಾ ಸಕ್ಕರೀನ.

ಅದರಾಗೂ 'ಒಟ್ಟು ಸಕ್ಕರೆ' ಅನ್ನೋದನ್ನ ನೋಡ್ರಿ, 'ಸೇರಿಸಿದ ಸಕ್ಕರೆ' ಒಂದನ್ನ ನೋಡಿ ನಂಬಬ್ಯಾಡ್ರಿ. ಮಾಲ್ಟ್ ಅಂದ್ರ ಮೊಳಕಿ ಬಂದ ಧಾನ್ಯ, ಹೆಚ್ಚಾಗಿ ಬಾರ್ಲಿ. ಅದರ ಹಿಟ್ಟಿನಂಶ ಒಡದು ಮಾಲ್ಟೋಸ್ ಅನ್ನೋ ಸಕ್ಕರಿ ಆಗ್ತದ. ಮ್ಯಾಲಿಂದ ಸಕ್ಕರಿ ಹಾಕದಿದ್ರೂ ಅದು ಇದ್ದ ಇರ್ತದ.

ಕಡೀಕ ನನ್ನ ಚಮಚಾನ ತೂಗಿದೆ. ದಿನಾ ಹಾಕೋ ಹಂಗ ಗೋಪುರ ಮಾಡಿ ಎರಡು ದೊಡ್ಡ ಚಮಚಾ ಹಾಕಿದ್ರ ಬರೋಬ್ಬರಿ 30 ಗ್ರಾಂ! ಅದರಾಗ ಸಕ್ಕರಿ 14 ಗ್ರಾಂ. ಮ್ಯಾಲೆ ರುಚಿಗೆ ಅಂತ ಒಂದು ಚಮಚಾ ಸಕ್ಕರಿ, 5 ಗ್ರಾಂ. ಒಂದು ಗ್ಲಾಸಿಗೆ 19 ಆತು, ಮುಂಜಾನಿ ರಾತ್ರಿ ಸೇರಿ 38. ಏಳೂವರಿ ಚಮಚಾ ಸಕ್ಕರಿ, ಆರು ವರ್ಷದ ಕೂಸಿಗೆ! ಪಾಕೀಟಿನ ಮ್ಯಾಲಿನ ಶೇಕಡಾ ಲೆಕ್ಕ ನೋಡಿ ಮೋಸ ಹೋಗಬ್ಯಾಡ್ರಿ, ಅದು ದಿನಕ್ಕ 2000 ಕ್ಯಾಲರಿ ತಿನ್ನೋ ದೊಡ್ಡವರದು.

ಬರೇ ಹಾಲಿನಾಗೂ ಸಕ್ಕರಿ ಅದ ಅಲ್ಲೇನ ಅಂತ ನಮ್ಮ ವೈನಿ ಕೇಳಿದ್ರು. ಹೌದು, ಒಂದು ಗ್ಲಾಸಿಗೆ 9-10 ಗ್ರಾಂ. ಆದ್ರ ಅದು ಹಾಲಿಂದ, ಅದಕ್ಕ ಹೆದರಬೇಕಾಗಿಲ್ಲ. ನಾವು ಸುರಿಯೋದನ್ನ ಲೆಕ್ಕ ಇಡಬೇಕು.

ಒಮ್ಮೆಲೆ ಬಿಡಿಸಿದ್ರ ಹಾಲ ಮುಟ್ಟಲಿಲ್ಲ ಅಂವಾ. ಅದಕ್ಕ ಮೊದಲು ಸಕ್ಕರಿ ನಿಲ್ಲಿಸಿದೆ, ಆಮ್ಯಾಲೆ ವಾರಕ್ಕಿಷ್ಟು ಪುಡಿ ಕಡಿಮಿ ಮಾಡಿದೆ. ಈಗ ಮುಂಜಾನಿ ಅಷ್ಟ, ಸಣ್ಣ ಚಮಚಾ ಒಂದು, ಸಮಾ ಮಾಡಿ. ತೂಗಿದ್ರ 4 ಗ್ರಾಂ, ಸಕ್ಕರಿ ಎರಡು ಗ್ರಾಂನೂ ಇಲ್ಲ. ರಾತ್ರಿ ಬರೇ ಹಾಲು ಕುಡಿದು, ಹಲ್ಲು ತಿಕ್ಕೊಂಡ ಮಲಗ್ತಾನ.